ಉದ್ದದ ವರದಿಗೆ ಬೇಕಾದದ್ದು ಸಾರಾಂಶವೋ, ಅನುಬಂಧವೋ, ಚಿಕ್ಕ ವಿಭಾಗಗಳೋ? ನಿರ್ಧರಿಸುವ ಕ್ರಮ

ವರದಿ ಐವತ್ತು ಪುಟ ದಾಟಿದರೆ ಸಾಕು, ಕಚೇರಿಯಲ್ಲಿ ಯಾರಾದರೊಬ್ಬರು ಹೇಳುತ್ತಾರೆ: "ಮುಂದೆ ಎರಡು ಪುಟ ಸಾರಾಂಶ ಹಾಕಿ, ಟೇಬಲ್‌ಗಳನ್ನೆಲ್ಲ ಹಿಂದೆ ಅನುಬಂಧಕ್ಕೆ ಹಾಕಿ, ಮುಗೀತು." ಹಾಗೆ ಮಾಡಿದ ವರದಿಗಳು ಎಷ್ಟೋ ಇವೆ. ಪುಟ ಎರಡು ಹೆಚ್ಚಾಗಿರುತ್ತದೆ, ಓದುವವರ ಕಷ್ಟ ಹಾಗೇ ಉಳಿದಿರುತ್ತದೆ.

ಸಾರಾಂಶ, ಅನುಬಂಧ, ಚಿಕ್ಕ ವಿಭಾಗ ಇವು ಮೂರೂ ಬೇರೆ ಬೇರೆ ತೊಂದರೆಗೆ ಮದ್ದು. ಪೂರ್ತಿ ಓದಲು ಸಮಯವಿಲ್ಲದೆಯೂ ನಿರ್ಧಾರ ಮಾಡಬೇಕಾದವರು ಇದ್ದರೆ ಸಾರಾಂಶ ಬೇಕು. ವರದಿಯ ಮಾತನ್ನು ನಂಬುವ ಮೊದಲು ಮೂಲ ಅಂಕಿ ಅಂಶ ತಾಳೆ ನೋಡುವವರು ಇದ್ದರೆ ಅನುಬಂಧ ಬೇಕು. ಓದುವವರು ಓದುತ್ತಿದ್ದಾರೆ, ಆದರೆ ಬೇಕಾದ ಜಾಗ ಸಿಗದೆ ಹಿಂದೆ ಮುಂದೆ ತಿರುವುತ್ತಿದ್ದಾರೆ ಎಂದರೆ ವಿಭಾಗಗಳನ್ನು ಒಡೆಯಬೇಕು. ಒಂದೇ ವರದಿಗೆ ಮೂರೂ ಬೇಕಾಗಬಹುದು, ಒಂದೂ ಬೇಡವಾಗಬಹುದು. ಪುಟಗಳ ಎಣಿಕೆಯೊಂದರಿಂದ ಇದು ತಿಳಿಯುವುದಿಲ್ಲ.

ಇಲ್ಲಿ ಒಂದೇ ಮಾದರಿ ವರದಿಯನ್ನು ಹಿಡಿದು ಕೊನೆಯವರೆಗೂ ಹೋಗೋಣ. ಬಯಲುಸೀಮೆಯ ಒಂದು ತಾಲ್ಲೂಕಿನ 40 ಹಳ್ಳಿಗಳಲ್ಲಿ 120 ಕುಡಿಯುವ ನೀರಿನ ಮೂಲಗಳನ್ನು, ಅಂದರೆ ಕೊಳವೆಬಾವಿ, ಕೈಪಂಪುಗಳನ್ನು, ಪರೀಕ್ಷಿಸಿ ಒಂದು ಸಂಸ್ಥೆ ಜಿಲ್ಲಾ ಪಂಚಾಯಿತಿಗೆ ಕೊಡಲಿರುವ ವರದಿ ಎಂದಿಟ್ಟುಕೊಳ್ಳಿ. ಮುಖ್ಯ ವಿಷಯ ಫ್ಲೋರೈಡ್. ಹಳ್ಳಿಗಳೂ ಅಂಕಿಗಳೂ ಅಭ್ಯಾಸಕ್ಕಾಗಿ ಕಟ್ಟಿಕೊಂಡವು. ನೀರಿನ ಮಾನದಂಡಗಳು ಮಾತ್ರ ನಿಜವಾದವು. ಕರಡು 72 ಪುಟ ಇದೆ:

- ಮುನ್ನುಡಿ, ಕೃತಜ್ಞತೆ: 3 ಪುಟ
- ತಾಲ್ಲೂಕಿನ ಪರಿಚಯ: 9
- ಅಧ್ಯಯನ ವಿಧಾನ: 8
- ಫಲಿತಾಂಶ: 19
- ಚರ್ಚೆ: 7
- ಶಿಫಾರಸು: 4
- ಪ್ರಯೋಗಾಲಯದ ಕೋಷ್ಟಕ: 14
- ಮನೆಮನೆ ಸಮೀಕ್ಷೆಯ ಪ್ರಶ್ನಾವಳಿ: 3
- ಫೋಟೊಗಳು: 5

ಹಂತ 1: ಯಾರು ಓದುತ್ತಾರೆ, ಓದಿ ಏನು ಮಾಡುತ್ತಾರೆ

ಒಂದು ಹಾಳೆಯಲ್ಲಿ ಓದುಗರ ಹುದ್ದೆಗಳನ್ನು ಬರೆಯಿರಿ. ಪ್ರತಿ ಹೆಸರಿನ ಮುಂದೆ ಒಂದೇ ಕ್ರಿಯಾಪದ ಬರೆಯಿರಿ. "ತಿಳಿದುಕೊಳ್ಳುತ್ತಾರೆ", "ಅರಿವು ಮೂಡಿಸಿಕೊಳ್ಳುತ್ತಾರೆ" ಎಂಬುದು ಇಲ್ಲಿ ನಡೆಯುವುದಿಲ್ಲ. ಸಹಿ ಹಾಕುತ್ತಾರೆ, ಹಣ ಬಿಡುಗಡೆ ಮಾಡುತ್ತಾರೆ, ತಾಳೆ ನೋಡುತ್ತಾರೆ, ನೀರು ಕುಡಿಯಬಾರದ ಕೊಳವೆಬಾವಿಗೆ ಕೆಂಪು ಬಣ್ಣ ಬಳಿಸುತ್ತಾರೆ ಎಂಬಂಥ ಕೆಲಸದ ಮಾತು ಬೇಕು.

ನಮ್ಮ ವರದಿಗೆ ಪಟ್ಟಿ ಹೀಗಾಗುತ್ತದೆ. ಜಿಲ್ಲಾ ಪಂಚಾಯಿತಿಯ ಸಿಇಒ ಯಾವ ಹಳ್ಳಿಗೆ ಮೊದಲು ಹಣ ಎಂದು ನಿರ್ಧರಿಸುತ್ತಾರೆ. ಗ್ರಾಮೀಣ ಕುಡಿಯುವ ನೀರಿನ ವಿಭಾಗದ ಕಾರ್ಯಪಾಲಕ ಎಂಜಿನಿಯರ್ ಅಂಕಿಗಳನ್ನು ತಮ್ಮ ಇಲಾಖೆಯ ಪರೀಕ್ಷೆಗಳ ಜೊತೆ ತಾಳೆ ನೋಡುತ್ತಾರೆ. ಪಿಡಿಒ ತಮ್ಮ ಪಂಚಾಯಿತಿಯ ಹಳ್ಳಿಗಳನ್ನು ಹುಡುಕಿ, ಯಾವ ಕೊಳವೆಬಾವಿಯ ನೀರು ಕುಡಿಯಬಾರದು ಎಂದು ಊರಲ್ಲಿ ಹೇಳುತ್ತಾರೆ.

ಪಟ್ಟಿ ಮಾಡುವಾಗ ಹೆಚ್ಚಿನವರು ಮರೆಯುವ ಒಬ್ಬ ಓದುಗರಿದ್ದಾರೆ: ವಿಷಯ ನಿರ್ವಾಹಕರು. ಸರ್ಕಾರಿ ಕಚೇರಿಗೆ ಹೋದ ವರದಿ ನೇರವಾಗಿ ಸಿಇಒ ಮೇಜಿನ ಮೇಲೆ ತೆರೆದುಕೊಳ್ಳುವುದಿಲ್ಲ. ಅದು ಕಡತಕ್ಕೆ ಸೇರುತ್ತದೆ, ವಿಷಯ ನಿರ್ವಾಹಕರು ಟಿಪ್ಪಣಿ ಹಾಳೆಯಲ್ಲಿ ಒಂದು ಪುಟ ಬರೆದು ಮೇಲಕ್ಕೆ ಮಂಡಿಸುತ್ತಾರೆ. ನೀವು ಸಾರಾಂಶ ಕೊಡದಿದ್ದರೆ ಅವರೇ ಒಂದನ್ನು ಬರೆಯುತ್ತಾರೆ. ಕೈಗೆ ಮೊದಲು ಸಿಗುವುದು ಮುನ್ನುಡಿ ಮತ್ತು ತಾಲ್ಲೂಕಿನ ಪರಿಚಯವಾದ್ದರಿಂದ ಟಿಪ್ಪಣಿಯಲ್ಲಿ ಮಳೆ ಪ್ರಮಾಣವೂ ಜನಸಂಖ್ಯೆಯೂ ಇರುತ್ತವೆ, ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳು ಇರುವುದಿಲ್ಲ. ಸಾರಾಂಶ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ವರದಿ ಬರೆದವರಿಗೂ ನಿರ್ಧಾರ ಮಾಡುವವರಿಗೂ ನಡುವೆ ಟಿಪ್ಪಣಿ ಬರೆಯುವವರು ಒಬ್ಬರಿದ್ದರೆ, 25 ಪುಟದ ವರದಿಗೂ ಸಾರಾಂಶ ಬೇಕು.

ಕ್ರಿಯಾಪದಗಳನ್ನು ಈಗ ನೋಡಿ. "ನಿರ್ಧರಿಸುತ್ತಾರೆ", "ಮಂಡಿಸುತ್ತಾರೆ" ಸಾರಾಂಶವನ್ನು ಕೇಳುತ್ತವೆ. "ತಾಳೆ ನೋಡುತ್ತಾರೆ" ಅನುಬಂಧವನ್ನು ಕೇಳುತ್ತದೆ. "ಹುಡುಕುತ್ತಾರೆ" ವಿಭಾಗಗಳನ್ನೂ ಒಳ್ಳೆಯ ಪಟ್ಟಿಯನ್ನೂ ಕೇಳುತ್ತದೆ. ಮೂರೂ ಬೇಕು ಎಂದು ಇಲ್ಲಿ ಕಂಡರೂ ಬರೆಯಲು ಕೂರುವ ಸಮಯ ಇನ್ನೂ ಬಂದಿಲ್ಲ. ಏನು ಎಲ್ಲಿಗೆ ಹೋಗಬೇಕು ಎಂಬುದು ಪುಟ ನೋಡಿದ ಮೇಲೇ ಗೊತ್ತಾಗುವುದು.

ಹಂತ 2: ಪ್ರತಿ ಪುಟಕ್ಕೂ ಒಂದು ಅಕ್ಷರ

ಕರಡನ್ನು ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಪ್ರತಿ ಪುಟದ ಮೂಲೆಯಲ್ಲಿ ಒಂದು ಅಕ್ಷರ ಬರೆಯಿರಿ. ಆ ಪುಟವನ್ನು ಕಿತ್ತು ಹಾಕಿದರೆ ವರದಿಯ ತೀರ್ಮಾನ ಕುಸಿಯುತ್ತದೆಯೇ? ಕುಸಿದರೆ "ಮು", ಅಂದರೆ ಮುಖ್ಯಭಾಗದಲ್ಲೇ ಇರಲಿ. ಕುಸಿಯುವುದಿಲ್ಲ, ಆದರೆ ಪಟ್ಟಿಯಲ್ಲಿರುವ ಯಾರೋ ಒಬ್ಬರು ಅದನ್ನು ತೆರೆದು ನೋಡುತ್ತಾರೆ ಎಂದಾದರೆ "ಅ", ಅನುಬಂಧ. ಕುಸಿಯುವುದೂ ಇಲ್ಲ, ಯಾರೂ ತೆರೆಯುವುದೂ ಇಲ್ಲ ಎಂದಾದರೆ "ತೆ", ತೆಗೆದುಹಾಕಿ. ಒಂದೇ ಪುಟದಲ್ಲಿ ಎರಡು ಬಗೆ ಸೇರಿದ್ದರೆ ಪುಟಕ್ಕೆ ಗೆರೆ ಎಳೆದು ಎರಡು ಅಕ್ಷರ ಹಾಕಿ. 72 ಪುಟಕ್ಕೆ ಇದು ಹೆಚ್ಚೆಂದರೆ ಅರ್ಧ ದಿನದ ಕೆಲಸ.

"ತೆ" ಬರೆಯಲು ಕೈ ಏಳುವುದಿಲ್ಲ. ಕಷ್ಟಪಟ್ಟು ಸಂಗ್ರಹಿಸಿದ್ದನ್ನು ಬಿಸಾಡುವ ಬದಲು ಅನುಬಂಧಕ್ಕೆ ಹಾಕೋಣ ಎನಿಸುತ್ತದೆ. ಅನುಬಂಧಗಳು ಉಬ್ಬುವುದೇ ಹೀಗೆ. ನಮ್ಮ ವರದಿಯ ತಾಲ್ಲೂಕು ಪರಿಚಯವನ್ನೇ ನೋಡಿ: 9 ಪುಟದಲ್ಲಿ ಗೆಜೆಟಿಯರ್‌ನಿಂದ ತೆಗೆದ ಇತಿಹಾಸ, ಜನಗಣತಿಯ ಅಂಕಿಗಳು, ಬೆಳೆಗಳ ವಿವರ. ಎಂಜಿನಿಯರ್ ಇದನ್ನು ತಾಳೆ ನೋಡುವುದಿಲ್ಲ, ಪಿಡಿಒಗೆ ತಮ್ಮ ಊರು ಗೊತ್ತೇ ಇದೆ. ಫ್ಲೋರೈಡ್‌ಗೆ ಸಂಬಂಧಪಟ್ಟ 2 ಪುಟ, ಅಂದರೆ ಕೆಳಗಿನ ಗಟ್ಟಿ ಶಿಲೆಯ ಸ್ವರೂಪ ಮತ್ತು ಕೊಳವೆಬಾವಿಗಳ ಆಳ, ಉಳಿಯುತ್ತವೆ. 7 ಪುಟ ಹೋಗುತ್ತವೆ.

ಹಂತ 3: ಅನುಬಂಧಕ್ಕೆ ಏನು, ಮತ್ತು ಏನು ಹೋಗಬಾರದು

ಪ್ರಯೋಗಾಲಯದ 14 ಪುಟ ಕೋಷ್ಟಕಕ್ಕೆ ಅನುಬಂಧವೇ ಜಾಗ, ಇದರಲ್ಲಿ ಗೊಂದಲವಿಲ್ಲ. ಪ್ರಶ್ನಾವಳಿಯ 3 ಪುಟವೂ ಅಷ್ಟೆ: ಮನೆಗಳಲ್ಲಿ ಏನು ಕೇಳಿದಿರಿ ಎಂದು ಯಾರಾದರೂ ಪ್ರಶ್ನಿಸಿದರೆ ತೋರಿಸಬೇಕು. ಕಷ್ಟ ಬರುವುದು ಅಧ್ಯಯನ ವಿಧಾನದ 8 ಪುಟದಲ್ಲಿ. "ವಿಧಾನ ಯಾರು ಓದುತ್ತಾರೆ" ಎಂದು ಅಷ್ಟನ್ನೂ ಹಿಂದಕ್ಕೆ ಕಳಿಸುವುದು ವಾಡಿಕೆ. ಅಲ್ಲೇ ದೊಡ್ಡ ತಪ್ಪಾಗುವುದು.

ವಿಧಾನದ ಒಳಗೆ ಎರಡು ಬಗೆಯ ಮಾತುಗಳಿರುತ್ತವೆ. ಬಾಟಲಿಯನ್ನು ಹೇಗೆ ತೊಳೆದರು, ಮಾದರಿಯನ್ನು ಎಷ್ಟು ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಿದರು, ಯಾವ ಉಪಕರಣದಲ್ಲಿ ಅಳೆದರು ಎಂಬುದು ಕೆಲಸ ಸರಿಯಾಗಿ ನಡೆದಿದೆಯೇ ಎಂದು ತಾಳೆ ನೋಡುವವರಿಗೆ. ಅದು ಅನುಬಂಧ. ಮಾದರಿಗಳನ್ನು ಮಾರ್ಚ್‌ನಲ್ಲಿ ಸಂಗ್ರಹಿಸಲಾಗಿದೆ ಎಂಬ ಒಂದು ಸಾಲು ಮಾತ್ರ ಅಂಕಿಯ ಅರ್ಥವನ್ನೇ ತಿರುಗಿಸಬಲ್ಲದು. ಬೇಸಿಗೆಯಲ್ಲಿ ಅಂತರ್ಜಲ ಕೆಳಗಿಳಿದಾಗ ಅಳೆದ ಪ್ರಮಾಣ, ಮಳೆಗಾಲ ಮುಗಿದು ನೀರು ಮರುಪೂರಣವಾದಾಗ ಹಾಗೇ ಇರಬೇಕೆಂದಿಲ್ಲ. ಆ ಸಾಲು ಅನುಬಂಧದ 5ನೇ ಪುಟದಲ್ಲಿ ಹೂತುಹೋದರೆ, ಎಂಜಿನಿಯರ್ ತಮ್ಮ ನವೆಂಬರ್ ತಿಂಗಳ ಪರೀಕ್ಷೆಯ ಅಂಕಿ ಮುಂದಿಟ್ಟು "ನಿಮ್ಮ ವರದಿ ತಪ್ಪು" ಎನ್ನುತ್ತಾರೆ.

ಇದಕ್ಕಿಂತ ದೊಡ್ಡದು ಮಿತಿಯ ಪ್ರಶ್ನೆ. ಭಾರತೀಯ ಕುಡಿಯುವ ನೀರಿನ ಮಾನದಂಡ ಐಎಸ್ 10500, 2012ರ ಆವೃತ್ತಿಯಲ್ಲಿ, ಫ್ಲೋರೈಡ್‌ಗೆ ಎರಡು ಅಂಕಿ ಕೊಡುತ್ತದೆ. ಲೀಟರಿಗೆ 1.0 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲ ಇಲ್ಲದಿದ್ದಾಗ 1.5ರವರೆಗೆ ಅನುಮತಿ. ನಮ್ಮ 120 ಮೂಲಗಳಲ್ಲಿ 67ರಲ್ಲಿ ಪ್ರಮಾಣ 1.0ರೊಳಗಿದೆ, 22ರಲ್ಲಿ 1.0ಕ್ಕೂ 1.5ಕ್ಕೂ ನಡುವೆ ಇದೆ, 31ರಲ್ಲಿ 1.5 ಮೀರಿದೆ. "ಮಿತಿ ಮೀರಿದ ಮೂಲಗಳು" ಎಂದರೆ 53 ಎನ್ನಬಹುದು, 31 ಎಂದೂ ಎನ್ನಬಹುದು. ಎರಡೂ ಸುಳ್ಳಲ್ಲ. ಯಾವ ಮಿತಿಯನ್ನು ಹಿಡಿದಿದ್ದೇವೆ ಎಂಬುದು ವಿಧಾನದಲ್ಲಿರುವ ಮಾತೇ ಆದರೂ ಅದು ಮುಖ್ಯಭಾಗದಲ್ಲಿರಬೇಕು, ಸಾರಾಂಶದಲ್ಲೂ ಇರಬೇಕು.

ಹಾಗಾಗಿ ಅನುಬಂಧಕ್ಕೆ ಕಳಿಸುವ ಪ್ರತಿ ಪುಟದ ಮೇಲೂ ಕೇಳಿಕೊಳ್ಳಿ: ಇಲ್ಲಿನ ಯಾವುದಾದರೂ ಸಾಲು ಬದಲಾದರೆ ಮುಖ್ಯಭಾಗದ ಒಂದು ವಾಕ್ಯ ಬದಲಾಗುತ್ತದೆಯೇ? ಬದಲಾಗುವುದಾದರೆ ಆ ಸಾಲನ್ನು ಕಿತ್ತು ಮುಂದೆ ತನ್ನಿ, ಉಳಿದದ್ದು ಹಿಂದೆ ಹೋಗಲಿ. ಹೀಗೆ ಮಾಡಿದಾಗ ನಮ್ಮ 8 ಪುಟ ವಿಧಾನದಲ್ಲಿ 2 ಪುಟ ಮುಂದೆ ಉಳಿದು, 5 ಪುಟ ಅನುಬಂಧವಾಗಿ, ಎರಡೆರಡು ಸಲ ಹೇಳಿದ್ದ 1 ಪುಟ ಹೋಯಿತು.

ಅನುಬಂಧವನ್ನು ಯಾರೂ ಓದುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಪಶ್ಚಿಮ ಘಟ್ಟಗಳ ಬಗ್ಗೆ ಕಸ್ತೂರಿರಂಗನ್ ನೇತೃತ್ವದ ಸಮಿತಿ 2013ರಲ್ಲಿ ವರದಿ ಕೊಟ್ಟಾಗ, ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಸೇರಬೇಕಾದ ಹಳ್ಳಿಗಳ ಪಟ್ಟಿಯೂ ಅದರ ಜೊತೆಗಿತ್ತು. ಕರ್ನಾಟಕದ್ದೇ 1,576 ಹಳ್ಳಿಗಳು. ಮಲೆನಾಡಿನ ಒಬ್ಬ ರೈತನಿಗೆ ಆ ವರದಿಯ ಅಧ್ಯಾಯಗಳಿಗಿಂತ ಆ ಪಟ್ಟಿಯಲ್ಲಿ ತನ್ನ ಊರಿನ ಹೆಸರಿದೆಯೇ ಎಂಬುದೇ ಮೊದಲ ಪ್ರಶ್ನೆ. ನಮ್ಮ ನೀರಿನ ವರದಿಯಲ್ಲೂ ಪಿಡಿಒಗೆ ಹಾಗೆಯೇ. ಆದ್ದರಿಂದ ಪಟ್ಟಿಯ ಕ್ರಮ ಮುಖ್ಯ. ಪ್ರಯೋಗಾಲಯದಿಂದ ಬಂದ ಕೋಷ್ಟಕ ಮಾದರಿ ಸಂಖ್ಯೆಯ ಕ್ರಮದಲ್ಲಿರುತ್ತದೆ, ಅದು ಊರು ಹುಡುಕುವವರಿಗೆ ಕೆಲಸಕ್ಕೆ ಬಾರದು. ಮೊದಲು ಗ್ರಾಮ ಪಂಚಾಯಿತಿ, ಅದರೊಳಗೆ ಊರುಗಳು ಅಕಾರಾದಿಯಾಗಿ, ಊರೊಳಗೆ "ಶಾಲೆ ಹಿಂದಿನ ಕೈಪಂಪು", "ಟ್ಯಾಂಕ್ ಪಕ್ಕದ ಕೊಳವೆಬಾವಿ" ಎಂದು ಜನ ಕರೆಯುವ ಹೆಸರು, ಪಕ್ಕದಲ್ಲಿ ಫ್ಲೋರೈಡ್ ಪ್ರಮಾಣ ಮತ್ತು ಕುಡಿಯಬಹುದು ಅಥವಾ ಬೇಡ ಎಂಬ ಒಂದು ಮಾತು. ಇಂಥ 3 ಪುಟದ ಪಟ್ಟಿಯನ್ನು ಅನುಬಂಧ 1 ಮಾಡಿ. ಪ್ರಯೋಗಾಲಯದ 14 ಪುಟ ಅದರ ಹಿಂದೆ ಬರಲಿ.

ಹಂತ 4: ವಿಭಾಗ ಒಡೆಯುವುದು

ವರದಿಯ ತಲೆಬರಹಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ, ವಿಷಯ ಗೊತ್ತಿಲ್ಲದ ಸಹೋದ್ಯೋಗಿಗೆ ಕೊಡಿ. ಮೂರು ಪ್ರಶ್ನೆ ಕೇಳಿ: ಯಾವ ಹಳ್ಳಿಗಳಲ್ಲಿ ಬೇರೆ ಸುರಕ್ಷಿತ ನೀರೇ ಇಲ್ಲ? ಕೆಟ್ಟು ನಿಂತ ಶುದ್ಧ ನೀರಿನ ಘಟಕಗಳು ಎಲ್ಲಿವೆ? ದುರಸ್ತಿ ಮೊದಲೋ ಹೊಸ ಪೈಪ್‌ಲೈನ್ ಮೊದಲೋ? ಉತ್ತರ ಯಾವ ಪುಟದಲ್ಲಿರಬಹುದು ಎಂದು ಅವರು ತಲೆಬರಹ ನೋಡಿ ಹೇಳಲಿ. ಆಮೇಲೆ ವರದಿ ಕೊಟ್ಟು ಹುಡುಕಲು ಬಿಡಿ, ಗಡಿಯಾರ ನೋಡಿ. ಒಂದು ನಿಮಿಷದೊಳಗೆ ಸಿಕ್ಕರೆ ವಿಭಾಗ ಮುಟ್ಟಬೇಡಿ. ಮೂರು ನಿಮಿಷ ದಾಟಿದರೆ, ಅಥವಾ ಅವರು ಒಂದೇ ಅಧ್ಯಾಯವನ್ನು ಎರಡು ಸಲ ತಿರುವಿದರೆ, ಒಡೆಯಬೇಕಾದ ಅಧ್ಯಾಯ ಅದೇ.

ನಮ್ಮಲ್ಲಿ ಅದು ಫಲಿತಾಂಶದ 19 ಪುಟ. ಒಳಗೆ ನೋಡಿದರೆ 40 ಹಳ್ಳಿಗಳಿಗೆ ಒಂದೊಂದು ಪ್ಯಾರಾ: "ಈ ಗ್ರಾಮದಲ್ಲಿ 3 ಮೂಲಗಳನ್ನು ಪರೀಕ್ಷಿಸಲಾಗಿದ್ದು, ಅವುಗಳಲ್ಲಿ ಒಂದರಲ್ಲಿ..." ಎಂದು ಒಂದೇ ವಾಕ್ಯ ನಲವತ್ತು ಸಲ. ಅದೇ 11 ಪುಟ ನುಂಗಿದೆ. ಇದನ್ನು ಉಪತಲೆಬರಹ ಹಾಕಿ ಒಡೆದರೆ ನಲವತ್ತು ತುಂಡು ಸಿಗುತ್ತದೆ, ಪ್ರಯೋಜನವಿಲ್ಲ. ಇದು ಗದ್ಯದ ವೇಷದಲ್ಲಿರುವ ಕೋಷ್ಟಕ. ಮೇಲೆ ಹೇಳಿದ ಅನುಬಂಧ 1ರ ಪಟ್ಟಿಯೇ ಅದರ ನಿಜವಾದ ರೂಪ. 11 ಪುಟ 3 ಪುಟವಾಗುತ್ತದೆ. ಉದ್ದದ ಅಧ್ಯಾಯ ಕಂಡಾಗ ಒಡೆಯುವ ಮೊದಲು ಈ ಪರೀಕ್ಷೆ ಮಾಡಿ: ಸತತ ಮೂರು ಪ್ಯಾರಾಗಳ ಮೊದಲ ಐದು ಪದ ಒಂದೇ ಆಗಿದ್ದರೆ ಅದು ಕೋಷ್ಟಕ.

ಉಳಿದ 8 ಪುಟವನ್ನು ಪುಟದ ಲೆಕ್ಕದಲ್ಲಿ ಹಂಚಬೇಡಿ, ಓದುಗರ ಪ್ರಶ್ನೆಯ ಲೆಕ್ಕದಲ್ಲಿ ಹಂಚಿ. ಹಳೆಯ ಕರಡಿನಲ್ಲಿ "4.1 ಫ್ಲೋರೈಡ್", "4.2 ಗಡಸುತನ", "4.3 ಸಮೀಕ್ಷೆಯ ಫಲಿತಾಂಶ", "4.4 ಇತರೆ" ಎಂದಿತ್ತು. ಹೊಸತರಲ್ಲಿ ಹೀಗೆ:

- 31 ಮೂಲಗಳ ನೀರು ಕುಡಿಯಲು ಯೋಗ್ಯವಲ್ಲ
- 22 ಮೂಲಗಳನ್ನು ಬೇರೆ ನೀರು ಸಿಗುವವರೆಗೆ ಮಾತ್ರ ಬಳಸಬಹುದು
- 9 ಹಳ್ಳಿಗಳಲ್ಲಿ ಸುರಕ್ಷಿತ ಮೂಲ ಒಂದೂ ಇಲ್ಲ
- ಈ 9ರಲ್ಲಿ 5 ಕಡೆ ಶುದ್ಧ ನೀರಿನ ಘಟಕ ಇದೆ, ನಡೆಯುತ್ತಿಲ್ಲ

ಗಡಸುತನದ ಬಗ್ಗೆ ಬೇಕಾದ ಒಂದು ಪ್ಯಾರಾ ಮೊದಲ ವಿಭಾಗದ ಕೊನೆಗೆ ಸೇರಿತು. "ಇತರೆ" ಎಂಬ ತಲೆಬರಹ ಎಲ್ಲಿ ಕಂಡರೂ ಅಳಿಸಿ. ಅದರಡಿ ಇರುವುದಕ್ಕೆ ಜಾಗ ಸಿಗುತ್ತಿಲ್ಲ ಎಂದರೆ ಅದು ಬೇಕಾಗಿಲ್ಲ ಎಂದೇ ಹೆಚ್ಚಿನ ಸಲ ಅರ್ಥ.

ಒಡೆಯುವುದೂ ಅತಿಯಾಗಬಹುದು. 4.2.3.1 ಎಂದು ನಾಲ್ಕು ಅಂಕಿಯ ವಿಭಾಗ ಬಂದರೆ, ಅಥವಾ ತಲೆಬರಹದ ಕೆಳಗೆ ಮೂರೇ ಸಾಲು ಇದ್ದರೆ, ಓದುಗರು ಒಂದು ವಾದವನ್ನು ಹಿಡಿಯುವಷ್ಟರಲ್ಲಿ ಮತ್ತೊಂದು ತಲೆಬರಹ ಅಡ್ಡ ಬರುತ್ತದೆ. ಒಂದು ವಿಭಾಗಕ್ಕೆ ಒಂದೂವರೆಯಿಂದ ಮೂರು ಪುಟ, ಎರಡು ಅಂಕಿಗಿಂತ ಆಳಕ್ಕೆ ಹೋಗದ ಸಂಖ್ಯೆ: ಇಂಥ ವರದಿಗೆ ಇಷ್ಟು ಸಾಕಾಗುತ್ತದೆ. ಚರ್ಚೆಯ ಅಧ್ಯಾಯವನ್ನು ಒಡೆಯಲೇ ಬೇಡಿ. ಕಾರಣದಿಂದ ಪರಿಣಾಮಕ್ಕೆ ನಡೆಯುವ ವಾದವನ್ನು ತುಂಡು ಮಾಡಿದರೆ ಅದು ಬಿಡಿ ಹೇಳಿಕೆಗಳಾಗಿ ಉಳಿಯುತ್ತದೆ. ಅಲ್ಲಿ ಮಾಡಬೇಕಾದದ್ದು ಫಲಿತಾಂಶದಲ್ಲಿ ಹೇಳಿದ್ದನ್ನು ಮತ್ತೆ ಹೇಳಿದ ಕಡೆ ಕತ್ತರಿಸುವುದು. 7 ಪುಟ 5 ಆಯಿತು.

ಹಂತ 5: ಸಾರಾಂಶ, ಎಲ್ಲದರ ಕೊನೆಗೆ

ಸಾರಾಂಶ ಮೊದಲ ಪುಟದಲ್ಲಿರುತ್ತದೆ, ಆದರೆ ಕೊನೆಗೆ ಬರೆಯಬೇಕು. ವಿಭಾಗಗಳು ಗೊಂದಲದಲ್ಲಿದ್ದಾಗ ಬರೆದ ಸಾರಾಂಶ ಆ ಗೊಂದಲವನ್ನೇ ಎರಡು ಪುಟಕ್ಕೆ ಇಳಿಸಿರುತ್ತದೆ. ಮೇಲಿನಂತೆ ತಲೆಬರಹಗಳೇ ಪೂರ್ಣ ಮಾತುಗಳಾಗಿದ್ದರೆ ಸಾರಾಂಶದ ಮುಕ್ಕಾಲು ಭಾಗ ಆಗಲೇ ಸಿದ್ಧ.

ಕನ್ನಡದ ವರದಿಗಳಲ್ಲಿ ತೀರಾ ಸಾಮಾನ್ಯವಾದ ದೋಷ ಹೀಗೆ ಕಾಣುತ್ತದೆ:

> ಈ ವರದಿಯಲ್ಲಿ ತಾಲ್ಲೂಕಿನ ಕುಡಿಯುವ ನೀರಿನ ಗುಣಮಟ್ಟದ ಬಗ್ಗೆ ಅಧ್ಯಯನ ನಡೆಸಲಾಗಿದೆ. ಎರಡನೇ ಅಧ್ಯಾಯದಲ್ಲಿ ತಾಲ್ಲೂಕಿನ ಪರಿಚಯ ನೀಡಲಾಗಿದ್ದು, ನಾಲ್ಕನೇ ಅಧ್ಯಾಯದಲ್ಲಿ ಫಲಿತಾಂಶಗಳನ್ನು ವಿವರಿಸಲಾಗಿದೆ. ಕೊನೆಯಲ್ಲಿ ಸೂಕ್ತ ಶಿಫಾರಸುಗಳನ್ನು ಮಾಡಲಾಗಿದೆ.

ಇದು ಪರಿವಿಡಿಯನ್ನು ವಾಕ್ಯ ಮಾಡಿದ್ದು ಅಷ್ಟೆ. "ವಿವರಿಸಲಾಗಿದೆ", "ನೀಡಲಾಗಿದೆ", "ಮಾಡಲಾಗಿದೆ" ಎಂಬ ಮೂರು ಪದಗಳಿಗೆ ಗೆರೆ ಎಳೆದು ನೋಡಿ. ಏನನ್ನು ವಿವರಿಸಿದ್ದೀರಿ ಎಂಬ ಉತ್ತರ ಎಲ್ಲೂ ಇಲ್ಲ. ಅದೇ ಜಾಗದಲ್ಲಿ ಬರಬೇಕಾದದ್ದು:

> ತಾಲ್ಲೂಕಿನ 40 ಹಳ್ಳಿಗಳ 120 ಕುಡಿಯುವ ನೀರಿನ ಮೂಲಗಳನ್ನು ಮಾರ್ಚ್ ತಿಂಗಳಲ್ಲಿ ಪರೀಕ್ಷಿಸಿದೆವು. 31 ಮೂಲಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದೆ. ಇವನ್ನು ಕುಡಿಯಲು ಬಳಸಬಾರದು (ಪುಟ 8). ಇನ್ನೂ 22 ಮೂಲಗಳಲ್ಲಿ 1.0 ಮತ್ತು 1.5ರ ನಡುವೆ ಇದ್ದು, ಬೇರೆ ನೀರು ಇಲ್ಲದ ಕಡೆ ಮಾತ್ರ ಬಳಸಬಹುದು (ಪುಟ 10). 9 ಹಳ್ಳಿಗಳಲ್ಲಿ ಸುರಕ್ಷಿತ ಮೂಲ ಒಂದೂ ಇಲ್ಲ (ಪುಟ 12). ಇವುಗಳಲ್ಲಿ 5 ಹಳ್ಳಿಗಳ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದೆ. ಅವುಗಳ ದುರಸ್ತಿ ಮೊದಲು ಆಗಬೇಕು. ಉಳಿದ 4 ಹಳ್ಳಿಗಳಿಗೆ ಹೊಸ ವ್ಯವಸ್ಥೆಗೆ ಮಂಜೂರಾತಿ ಕೋರುತ್ತೇವೆ (ಪುಟ 22). ಊರುವಾರು ಪಟ್ಟಿ ಅನುಬಂಧ 1ರಲ್ಲಿದೆ.

ವಿಷಯ ನಿರ್ವಾಹಕರು ಇದನ್ನು ಇದ್ದಂತೆಯೇ ಟಿಪ್ಪಣಿ ಹಾಳೆಗೆ ಇಳಿಸಬಹುದು. ಪುಟ ಸಂಖ್ಯೆ ಹಾಕಿರುವುದು ಅವರಿಗಾಗಿಯೇ: ಮೇಲಿನವರು "ಯಾವ 9 ಹಳ್ಳಿ?" ಎಂದು ಕೇಳಿದಾಗ ಪುಟ 12 ತೆರೆದು ತೋರಿಸುತ್ತಾರೆ. ಈ ಪ್ಯಾರಾದ ಹಿಂದೆ 9 ಹಳ್ಳಿಗಳ ಚಿಕ್ಕ ಕೋಷ್ಟಕ, ಪ್ರತಿಯೊಂದಕ್ಕೂ ಬೇಕಾದ ಕ್ರಮ ಮತ್ತು ಅಂದಾಜು ವೆಚ್ಚ, ಮಾರ್ಚ್ ಅಂಕಿಗಳು ಮಳೆಗಾಲದ ನಂತರ ಹಾಗೇ ಇರಬೇಕೆಂದಿಲ್ಲ ಎಂಬ ಬಗ್ಗೆ ಎರಡು ಸಾಲು. ಒಟ್ಟು 2 ಪುಟ.

ಎಷ್ಟು ಉದ್ದ ಇರಬೇಕು ಎಂಬುದಕ್ಕೆ ಕೆಲವು ಕಡೆ ನಿಯಮವೇ ಇದೆ, ಮೊದಲು ಅದನ್ನು ನೋಡಿಕೊಳ್ಳಿ. ಕೇಂದ್ರ ಸರ್ಕಾರದ 2006ರ ಪರಿಸರ ಪ್ರಭಾವ ಅಂದಾಜು ಅಧಿಸೂಚನೆ ಅಂಥದ್ದು. ಗಣಿ, ಕಾರ್ಖಾನೆಯಂಥ ಯೋಜನೆಗಳ ಪರಿಸರ ಪ್ರಭಾವ ವರದಿಯ ಸಾರಾಂಶ ಎ4 ಅಳತೆಯ 10 ಪುಟ ಮೀರಬಾರದು ಎನ್ನುತ್ತದೆ ಅದು. ಸಾರ್ವಜನಿಕ ಅಹವಾಲು ಸಭೆಗೆ ಮುಂಚೆ ಆ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಹಾಗಾಗಿ ಕರ್ನಾಟಕದಲ್ಲಿ ಅದು ಕನ್ನಡದಲ್ಲಿ ಬರುತ್ತದೆ. ಅಲ್ಲಿ ಸಾರಾಂಶ ಬೇಕೇ ಬೇಡವೇ ಎಂಬ ಆಯ್ಕೆ ನಿಮಗಿಲ್ಲ. ಸಭೆಗೆ ಬರುವ ಊರಿನವರು ಹೆಚ್ಚಾಗಿ ಓದುವುದು ಆ ಕನ್ನಡದ ಹತ್ತು ಪುಟವನ್ನೇ ಆದ್ದರಿಂದ, ಧೂಳು ಎಷ್ಟು ದೂರ ಹರಡುತ್ತದೆ, ನೀರು ಎಲ್ಲಿಂದ ತೆಗೆಯುತ್ತಾರೆ ಎಂಬುದು "ಅಧ್ಯಾಯ 4 ನೋಡಿ" ಎಂದಾಗದೆ ಅಲ್ಲೇ ಅಂಕಿ ಸಮೇತ ಇರಬೇಕು. ನಿಯಮ ಇಲ್ಲದ ಕಡೆ 50ರಿಂದ 80 ಪುಟದ ವರದಿಗೆ 2 ಪುಟ ಸಾಕು. 4 ದಾಟಿದರೆ ಟಿಪ್ಪಣಿ ಬರೆಯುವವರು ಮತ್ತೆ ಅದಕ್ಕೊಂದು ಸಾರಾಂಶ ಮಾಡಬೇಕಾಗುತ್ತದೆ.

ಬರೆದ ಮೇಲೆ ಪರೀಕ್ಷೆ. ಸಾರಾಂಶದಲ್ಲಿರುವ ಪ್ರತಿ ಅಂಕಿಗೂ ಸುತ್ತು ಹಾಕಿ, ಅದೇ ಅಂಕಿ ಮುಖ್ಯಭಾಗದಲ್ಲಿದೆಯೇ ಎಂದು ಹುಡುಕಿ ಟಿಕ್ ಹಾಕಿ. ಕರಡು ತಿದ್ದುವಾಗ ಒಂದು ಕಡೆ 31 ಹೋಗಿ 32 ಆಗಿ, ಸಾರಾಂಶದಲ್ಲಿ 31 ಉಳಿಯುವುದು ಬಹಳ ನಡೆಯುತ್ತದೆ. ಎಂಜಿನಿಯರ್ ಅಂಥ ಒಂದು ವ್ಯತ್ಯಾಸ ಹಿಡಿದರೆ ಉಳಿದ ಅಂಕಿಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಮುಖ್ಯಭಾಗದಲ್ಲಿ ಇಲ್ಲದ ಯಾವ ಹೊಸ ಮಾತೂ ಸಾರಾಂಶದಲ್ಲಿ ಬರಕೂಡದು, ಅದು ಎಷ್ಟೇ ಸರಿಯಾದ ಮಾತಾಗಿದ್ದರೂ.

ಲೆಕ್ಕ ಹೇಗೆ ಬಂತು

ಮುನ್ನುಡಿ 1 ಪುಟಕ್ಕೆ ಇಳಿಯಿತು, ಶಿಫಾರಸು 3 ಆಯಿತು. 5 ಪುಟ ಫೋಟೊಗಳಲ್ಲಿ ಕೆಟ್ಟು ನಿಂತ ಘಟಕಗಳ 1 ಪುಟ ಮಾತ್ರ ಉಳಿಯಿತು. ತಂಡದವರು ಮಾದರಿ ಸಂಗ್ರಹಿಸುತ್ತಿರುವ ಚಿತ್ರಗಳು ಯಾವ ತೀರ್ಮಾನಕ್ಕೂ ಆಧಾರವಲ್ಲ. ಈಗ ಮುನ್ನುಡಿ 1, ಪರಿಚಯ 2, ವಿಧಾನ 2, ಫಲಿತಾಂಶ 8, ಫೋಟೊ 1, ಚರ್ಚೆ 5, ಶಿಫಾರಸು 3: ಮುಖ್ಯಭಾಗ 22 ಪುಟ. ಮುಂದೆ ಸಾರಾಂಶ 2. ಅನುಬಂಧದಲ್ಲಿ ಊರುವಾರು ಪಟ್ಟಿ 3, ಪ್ರಯೋಗಾಲಯ 14, ವಿಧಾನದ ವಿವರ 5, ಪ್ರಶ್ನಾವಳಿ 3, ಒಟ್ಟು 25. ಎಲ್ಲ ಸೇರಿ 49. ಒಟ್ಟು ಪುಟ ಕಡಿಮೆಯಾದದ್ದಕ್ಕಿಂತ ಇಲ್ಲಿ ನೋಡಬೇಕಾದದ್ದು ಬೇರೆ: ಸಿಇಒಗೆ 2 ಪುಟ, ಪಿಡಿಒಗೆ 3 ಪುಟ, ವಾದವನ್ನು ಪೂರ್ತಿ ತಿಳಿಯಬೇಕಾದವರಿಗೆ 22 ಪುಟ.

ಯಾವಾಗ ಸಾರಾಂಶ ಬೇಡ

ಇಲಾಖಾ ವಿಚಾರಣೆಯ ವರದಿಯನ್ನು ತೆಗೆದುಕೊಳ್ಳಿ. 60 ಪುಟ ಇರಬಹುದು. ಆದರೆ ಅದನ್ನು ಓದುವ ಶಿಸ್ತು ಪ್ರಾಧಿಕಾರ ಸಾಕ್ಷ್ಯವನ್ನೆಲ್ಲ ನೋಡಿಯೇ ತೀರ್ಮಾನಕ್ಕೆ ಬರಬೇಕು; ಮುಂದೆ ಎರಡು ಪುಟದ ಸಾರಾಂಶ ಇಟ್ಟರೆ ಅದರ ಒಂದು ಸಡಿಲ ವಾಕ್ಯವೇ ಮುಂದೆ ಮೇಲ್ಮನವಿಯಲ್ಲಿ ಎತ್ತಿ ತೋರಿಸುವ ಆಧಾರವಾಗಬಹುದು. ಅಲ್ಲಿ ಬೇಕಾದದ್ದು ಆರೋಪಕ್ಕೊಂದು ವಿಭಾಗ: ಆರೋಪ, ನೌಕರರ ಸಮರ್ಥನೆ, ಸಾಕ್ಷ್ಯದ ಪರಿಶೀಲನೆ, ಸಾಬೀತಾಗಿದೆಯೋ ಇಲ್ಲವೋ ಎಂಬ ನಿರ್ಣಯ. ದಾಖಲೆಗಳು ಅನುಬಂಧದಲ್ಲಿ. ಹಾಗೆಯೇ ಒಬ್ಬರೇ ಎಂಜಿನಿಯರ್ ಓದಿ, ಮರುದಿನ ಸ್ಥಳಕ್ಕೆ ಹೋಗಿ ಕೆಲಸ ಮಾಡಿಸುವ 12 ಪುಟದ ತಪಾಸಣಾ ವರದಿಗೆ ಮೂರರಲ್ಲಿ ಯಾವುದೂ ಬೇಡ. ಮಾಡಬೇಕಾದ ಕೆಲಸಗಳನ್ನು ಮೊದಲ ಪುಟಕ್ಕೆ ತಂದರೆ ಆಯಿತು.

ಕೊನೆಗೆ ಫೈಲ್‌ನಲ್ಲಿ

ವರ್ಡ್‌ನಲ್ಲಿ ತಲೆಬರಹಗಳನ್ನು ದಪ್ಪ ಅಕ್ಷರ ಮಾಡಿ ಬಿಡಬೇಡಿ, `Heading 1`, `Heading 2` ಸ್ಟೈಲ್ ಹಾಕಿ. ಆಗ ಪರಿವಿಡಿ ತಾನಾಗಿ ಬರುತ್ತದೆ, ಎಡಗಡೆಯ `Navigation Pane` ತೆರೆದರೆ ಹಂತ 4ರ ತಲೆಬರಹ ಪರೀಕ್ಷೆಯನ್ನು ಪರದೆಯ ಮೇಲೇ ಮಾಡಬಹುದು. ಸಾರಾಂಶದ ಪುಟ ಸಂಖ್ಯೆಗಳನ್ನು ಕೈಯಲ್ಲಿ ಟೈಪ್ ಮಾಡದೆ `References` ಅಡಿಯ `Cross-reference` ಮೂಲಕ ಸೇರಿಸಿ. ಎಲ್ಲ ತಿದ್ದುಪಡಿ ಮುಗಿದ ಮೇಲೆ `Ctrl+A` ಒತ್ತಿ ನಂತರ `F9` ಒತ್ತಿದರೆ ಸಂಖ್ಯೆಗಳು ಸರಿಹೋಗುತ್ತವೆ.

ಇನ್ನೊಂದು, ಕನ್ನಡ ವರದಿಗಳಿಗೇ ವಿಶೇಷವಾದದ್ದು. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ, ಟೈಪ್ ಮಾಡಿದ ಪಟ್ಟಿಯಲ್ಲಿ ಪಿಡಿಒ ತಮ್ಮ ಊರಿನ ಹೆಸರನ್ನು ಫೋನಿನಲ್ಲಿ ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ಕಣ್ಣಿಗೆ ಕನ್ನಡ ಕಂಡರೂ ಫೈಲ್ ಒಳಗಿರುವುದು ಬೇರೆ ಸಂಕೇತಗಳು. ಅನುಬಂಧ 1 ಆದರೂ ಯೂನಿಕೋಡ್‌ನಲ್ಲಿರಲಿ. ಪಿಡಿಎಫ್ ಮಾಡಿದ ಮೇಲೆ ಫೋನಿನಲ್ಲಿ ತೆರೆದು, ಪಟ್ಟಿಯ ಮೊದಲ ಊರು, ಕೊನೆಯ ಊರು, ಮತ್ತು ಒತ್ತಕ್ಷರವಿರುವ ಯಾವುದಾದರೂ ಒಂದು ಊರಿನ ಹೆಸರನ್ನು ಹುಡುಕಿ ನೋಡಿ. ಮೂರೂ ಸಿಕ್ಕರೆ ಕಳಿಸಿ. ಒತ್ತಕ್ಷರದ ಹೆಸರು ಸಿಗದಿದ್ದರೆ ವರ್ಡ್‌ನಿಂದ ಪಿಡಿಎಫ್ ಮಾಡುವ ಹಂತದಲ್ಲಿ ಅಕ್ಷರ ಕೆಟ್ಟಿದೆ. ಪಿಡಿಎಫ್ ಜೊತೆಗೆ ಆ ಪಟ್ಟಿಯ ಎಕ್ಸೆಲ್ ಫೈಲನ್ನೂ ಕೊಡಿ.